ಟಿಸಿ ದಕ್ಷತೆ ಯಾವ ಲೋಡ್‌ನಲ್ಲಿ ಜಾಸ್ತಿ? 100 ಕೆವಿಎ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಪೂರ್ತಿ ಲೆಕ್ಕ

ರಾತ್ರಿ ಎರಡು ಗಂಟೆಗೆ ನಿಮ್ಮ ಬೀದಿಯ ಟಿಸಿ ಹತ್ತಿರ ಹೋಗಿ ನಿಂತು ನೋಡಿ. ಊರೆಲ್ಲ ಮಲಗಿರುತ್ತದೆ, ಫ್ಯಾನು, ಫ್ರಿಜ್ಜು ಬಿಟ್ಟರೆ ಹೆಚ್ಚೇನೂ ಓಡುತ್ತಿರುವುದಿಲ್ಲ. ಆದರೂ ಅದು ಗುಂಯ್ ಅಂತ ಸದ್ದು ಮಾಡುತ್ತಲೇ ಇರುತ್ತದೆ. ಆ ಸದ್ದಿನ ಜೊತೆಗೇ ಒಂದಿಷ್ಟು ಕರೆಂಟು ಸುಮ್ನೆ ಬಿಸಿಯಾಗಿ ಹೋಗುತ್ತಿರುತ್ತದೆ. ಈ ಬರಹ ಪೂರ್ತಿ ಆ ಸೋರಿಕೆಯ ಸುತ್ತ.

ಡಿಪ್ಲೊಮಾ, ಬಿಇ ವೈವಾದಲ್ಲಿ ಕೇಳುವ ಪ್ರಶ್ನೆ ಗೊತ್ತೇ ಇದೆ. ದಕ್ಷತೆ ಗರಿಷ್ಠ ಆಗುವುದು ಯಾವಾಗ? "ಐರನ್ ಲಾಸ್, ಕಾಪರ್ ಲಾಸ್ ಸಮ ಆದಾಗ ಸರ್" ಅಂತ ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಪ್ರಶ್ನೆಗೆ ಹೆಚ್ಚಿನವರು ತಡವರಿಸುತ್ತಾರೆ: ಹಾಗಾದರೆ ಬೀದಿಯ ಟಿಸಿಯಲ್ಲಿ ಈ ಎರಡೂ ಫುಲ್ ಲೋಡ್‌ನಲ್ಲಿ ಸಮ ಆಗುವ ಹಾಗೆ ಯಾಕೆ ಮಾಡಿಲ್ಲ? ಒಂದು ಮಾಮೂಲಿ ಟಿಸಿ ತೆಗೆದುಕೊಂಡು ಇದನ್ನು ಲೆಕ್ಕದಲ್ಲೇ ನೋಡೋಣ. 11 ಕೆವಿಯಿಂದ 433 ವೋಲ್ಟ್‌ಗೆ ಇಳಿಸುವ, 100 ಕೆವಿಎ, ಮೂರು ಫೇಸ್, ಎಣ್ಣೆ ತುಂಬಿದ್ದು.

## ಮೊದಲು ನಿಯಮ ಎಲ್ಲಿಂದ ಬಂತು ಅಂತ ನೋಡೋಣ

ಟಿಸಿಯಲ್ಲಿ ನಷ್ಟ ಎರಡು ಕಡೆ ಆಗುತ್ತದೆ. ಒಂದು ಕೋರ್‌ನಲ್ಲಿ, ಇದೇ ಐರನ್ ಲಾಸ್. ಉಕ್ಕಿನ ತಗಡುಗಳು ಸೆಕೆಂಡಿಗೆ 50 ಸಲ ಈ ಕಡೆ ಆ ಕಡೆ ಕಾಂತವಾಗುತ್ತಿರುತ್ತವೆ, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ವೋಲ್ಟೇಜ್ ಇದ್ದಷ್ಟು ಹೊತ್ತೂ ಇದು ಇರುತ್ತದೆ, ಲೋಡ್ ಇದೆಯೋ ಇಲ್ಲವೋ ಇದಕ್ಕೆ ಸಂಬಂಧವಿಲ್ಲ. ಇನ್ನೊಂದು ವೈಂಡಿಂಗ್‌ನಲ್ಲಿ, ಇದು ಕಾಪರ್ ಲಾಸ್. ಇದು ಕರೆಂಟಿನ ವರ್ಗದ ಪ್ರಕಾರ ಏರುತ್ತದೆ. ಲೋಡ್ ಅರ್ಧಕ್ಕೆ ಇಳಿದರೆ ಈ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. (ನಮ್ಮಲ್ಲಿ ಎಷ್ಟೋ ಟಿಸಿಗಳ ವೈಂಡಿಂಗ್ ಅಲ್ಯೂಮಿನಿಯಂ, ಆದರೂ ಹೆಸರು ಮಾತ್ರ ಕಾಪರ್ ಲಾಸ್ ಅಂತಲೇ ಉಳಿದಿದೆ.)

ಐರನ್ ಲಾಸ್ `Pi`, ಫುಲ್ ಲೋಡ್‌ನ ಕಾಪರ್ ಲಾಸ್ `Pc`, ಫುಲ್ ಲೋಡ್‌ನ ಎಷ್ಟನೇ ಭಾಗದಲ್ಲಿ ಓಡುತ್ತಿದೆ ಅನ್ನುವುದು `x`, ಟಿಸಿಯ ರೇಟಿಂಗ್ `S`, ಪವರ್ ಫ್ಯಾಕ್ಟರ್ `pf` ಅಂತ ಇಟ್ಟುಕೊಳ್ಳಿ.

```
ನಷ್ಟ        = Pi + x²·Pc
ಹೊರಗೆ ಹೋಗಿದ್ದು = x·S·pf
ನಷ್ಟ ÷ ಹೊರಗೆ ಹೋಗಿದ್ದು = (Pi/x + x·Pc) / (S·pf)
```

ದಕ್ಷತೆ ಜಾಸ್ತಿ ಆಗಬೇಕೆಂದರೆ ಕೊನೆಯ ಸಾಲು ಆದಷ್ಟು ಚಿಕ್ಕದಾಗಬೇಕು. ಪುಸ್ತಕದಲ್ಲಿ ಇಲ್ಲಿ ಡಿಫರೆನ್ಶಿಯೇಟ್ ಮಾಡುತ್ತಾರೆ. ಬೇಕಾಗಿಲ್ಲ. ಕಂಸದ ಒಳಗಿನ ಎರಡು ತುಂಡುಗಳನ್ನು ಗುಣಿಸಿ ನೋಡಿ, `x` ಹೊಡೆದುಹೋಗಿ `Pi·Pc` ಮಾತ್ರ ಉಳಿಯುತ್ತದೆ, ಅಂದರೆ ಗುಣಲಬ್ಧ ಬದಲಾಗುವುದೇ ಇಲ್ಲ. ಹಿತ್ತಲಲ್ಲಿ 36 ಚದರ ಮೀಟರ್ ಜಾಗಕ್ಕೆ ಬೇಲಿ ಹಾಕುವ ಲೆಕ್ಕವೇ ಇದು: 3 ಮತ್ತು 12 ಇಟ್ಟರೆ ಕೂಡಿದಾಗ 15, 4 ಮತ್ತು 9 ಇಟ್ಟರೆ 13, 6 ಮತ್ತು 6 ಇಟ್ಟರೆ 12. ಎರಡೂ ಬದಿ ಸಮ ಆದಾಗಲೇ ಬೇಲಿ ಕಡಿಮೆ. ಇಲ್ಲೂ ಹಾಗೇ, `Pi/x` ಮತ್ತು `x·Pc` ಸಮ ಆದಾಗ ಮೊತ್ತ ಅತಿ ಕಡಿಮೆ.

```
Pi = x²·Pc
x  = √(Pi / Pc)
```

ಪವರ್ ಫ್ಯಾಕ್ಟರ್ ಈ ಉತ್ತರದಲ್ಲಿ ಇಲ್ಲವೇ ಇಲ್ಲ, ಗಮನಿಸಿದಿರಾ? ಪವರ್ ಫ್ಯಾಕ್ಟರ್ ಕೆಟ್ಟರೆ ದಕ್ಷತೆ ಇಳಿಯುತ್ತದೆ ನಿಜ, ಆದರೆ ಶಿಖರ ಇರುವ ಜಾಗ ಅಲ್ಲೇ ಇರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ಸರಿ ಮಾಡಿಕೊಳ್ಳಿ. ಈ ಬಿಂದುವಿನಲ್ಲಿ ನಷ್ಟ ಅತಿ ಕಡಿಮೆ ಇರುತ್ತದೆ ಅಂತಲ್ಲ. ನಷ್ಟ ಅತಿ ಕಡಿಮೆ ಇರುವುದು ಲೋಡೇ ಇಲ್ಲದಾಗ. ಇಲ್ಲಿ ಕಡಿಮೆ ಆಗುವುದು ಹೊರಗೆ ಕೊಟ್ಟ ಪ್ರತಿ ಯೂನಿಟ್‌ನ ಪಾಲಿಗೆ ಬೀಳುವ ನಷ್ಟ.

## ಎರಡು ಸಂಖ್ಯೆ ಕೈಗೆ ಬರಬೇಕು

ಲೆಕ್ಕ ಶುರು ಮಾಡಲು `Pi` ಮತ್ತು `Pc` ಬೇಕು. ಹಳೆಯ ಭಾರತೀಯ ಮಾನದಂಡ, 1989ರ ಐಎಸ್ 1180, 100 ಕೆವಿಎಗೆ ಐರನ್ ಲಾಸ್ 260 ವ್ಯಾಟ್, ಲೋಡ್ ಲಾಸ್, ಅಂದರೆ ಕಾಪರ್ ಲಾಸ್, 1760 ವ್ಯಾಟ್ ಅಂತ ಬೇರೆ ಬೇರೆಯಾಗಿ ಹೇಳುತ್ತಿತ್ತು. ನಾನು ಮುಂದೆ ಬಳಸುವುದು ಇದೇ ಜೋಡಿ.

2014ರ ಪರಿಷ್ಕರಣೆಯಲ್ಲಿ ರೀತಿಯೇ ಬದಲಾಯಿತು. ಈಗ 50% ಲೋಡ್‌ನಲ್ಲಿ ಒಟ್ಟು ನಷ್ಟ ಇಷ್ಟು ಮೀರಬಾರದು, 100% ಲೋಡ್‌ನಲ್ಲಿ ಇಷ್ಟು ಮೀರಬಾರದು ಅಂತ ಎರಡು ಮಿತಿ. 100 ಕೆವಿಎಯ ಮೊದಲ ದಕ್ಷತಾ ಹಂತಕ್ಕೆ 2014ರಲ್ಲಿ ಇಟ್ಟಿದ್ದು 520 ಮತ್ತು 1800 ವ್ಯಾಟ್. ಇದರಿಂದ ಐರನ್, ಕಾಪರ್ ಬೇರೆ ಮಾಡುವುದು ಸುಲಭ. ಅರ್ಧ ಲೋಡ್‌ನಲ್ಲಿ ಕಾಪರ್ ಲಾಸ್ ಕಾಲು ಭಾಗ ಮಾತ್ರ, ಹಾಗಾಗಿ ಎರಡು ಸಂಖ್ಯೆಗಳ ವ್ಯತ್ಯಾಸ ಅಂದರೆ `Pc`ಯ ಮುಕ್ಕಾಲು. ಆದರೆ ಎಚ್ಚರ, ಮಿತಿಗಳನ್ನೇ ಹಾಕಿ ಲೆಕ್ಕ ಮಾಡಬೇಡಿ. 520 ಮತ್ತು 1800 ಹಾಕಿದರೆ ಐರನ್ ಲಾಸ್ ಬರೀ 93 ವ್ಯಾಟ್ ಅಂತ ಬರುತ್ತದೆ. ಅದು ಆ ಟಿಸಿಯ ಐರನ್ ಲಾಸ್ ಅಲ್ಲ, ಎರಡು ಗಡಿಗಳನ್ನು ಕಳೆದಾಗ ಸಿಕ್ಕ ಒಂದು ಸಂಖ್ಯೆ ಅಷ್ಟೆ. ಟೆಸ್ಟ್ ರಿಪೋರ್ಟ್‌ನಲ್ಲಿ ಅಳೆದು ಬರೆದಿದ್ದನ್ನು ತೆಗೆದುಕೊಳ್ಳಿ. ಅದರಲ್ಲಿ 515 ಮತ್ತು 1610 ಇದೆ ಅಂದುಕೊಳ್ಳಿ:

```
Pc = (1610 − 515) / 0.75 = 1460 W
Pi = 1610 − 1460 = 150 W
x  = √(150/1460) = 0.32
```

ರಿಪೋರ್ಟ್ ಇಲ್ಲದಿದ್ದರೆ ಅಳೆಯಬೇಕು. ಇದು ಕಂಬದ ಮೇಲೆ ಮಾಡುವ ಕೆಲಸ ಅಲ್ಲ, ಟಿಸಿಯನ್ನು ಇಳಿಸಿ ರಿಪೇರಿ ಶಾಪ್‌ಗೆ ತಂದಾಗ, ಅಧಿಕಾರ ಇರುವವರು ಮಾತ್ರ ಮಾಡುವ ಕೆಲಸ.

ಐರನ್ ಲಾಸ್‌ಗೆ 433 ವೋಲ್ಟ್ ಕಡೆಯಿಂದ ಸಪ್ಲೈ ಕೊಡುತ್ತಾರೆ, 11 ಕೆವಿ ಕಡೆ ಓಪನ್ ಬಿಡುತ್ತಾರೆ. ಓಪನ್ ಬಿಟ್ಟ ಕಡೆ ಪೂರ್ತಿ 11 ಸಾವಿರ ವೋಲ್ಟ್ ನಿಂತಿರುತ್ತದೆ, ಸುತ್ತ ಬೇಲಿ ಹಾಕದೆ ಸ್ವಿಚ್ ಮುಟ್ಟಲೇಬಾರದು. ಇಲ್ಲಿ ಪವರ್ ಫ್ಯಾಕ್ಟರ್ ತೀರಾ ಕಡಿಮೆ ಇರುವುದರಿಂದ ಅದಕ್ಕೆ ತಕ್ಕ ವ್ಯಾಟ್‌ಮೀಟರೇ ಬೇಕು, ಮಾಮೂಲಿ ಮೀಟರ್‌ನ ಓದು ನಂಬುವ ಹಾಗಿಲ್ಲ. ನಾನೂ ಒಮ್ಮೆ ಒಂದು ಶಾಪ್‌ನಲ್ಲಿ 240 ವ್ಯಾಟ್ ಬಂತು ಅಂತ ಖುಷಿಪಟ್ಟು ಬರೆದುಕೊಂಡಿದ್ದೆ. ಆಮೇಲೆ ನೋಡಿದರೆ ಸಪ್ಲೈ 415 ವೋಲ್ಟ್ ಮಾತ್ರ ಇತ್ತು. ಐರನ್ ಲಾಸ್ ಸುಮಾರಾಗಿ ವೋಲ್ಟೇಜಿನ ವರ್ಗದಂತೆ ಏರುತ್ತದೆ, 433ಕ್ಕೆ ತಿದ್ದಿದಾಗ 261 ವ್ಯಾಟ್ ಆಯಿತು.

ಕಾಪರ್ ಲಾಸ್‌ಗೆ 433 ಕಡೆ ದಪ್ಪ ಬಸ್‌ಬಾರಿನಿಂದ ಶಾರ್ಟ್ ಮಾಡಿ 11 ಕೆವಿ ಕಡೆಯಿಂದ ಸಪ್ಲೈ ಕೊಡುತ್ತಾರೆ. ಈ ಸೈಜಿನ ಟಿಸಿಯ ಇಂಪೀಡೆನ್ಸ್ 4.5%, ಆದ್ದರಿಂದ 495 ವೋಲ್ಟ್ ಕೊಟ್ಟರೆ ಫುಲ್ ಕರೆಂಟ್ 5.25 ಆಂಪಿಯರ್ ಹರಿಯುತ್ತದೆ. ಶಾಪ್‌ನಲ್ಲಿ ಸಿಗುವುದು 415, ಹರಿಯುವುದು 4.4 ಆಂಪಿಯರ್. ಆಗ 1050 ವ್ಯಾಟ್ ಓದಿತು ಅಂದರೆ ಎರಡು ತಿದ್ದುಪಡಿ ಮಾಡಬೇಕು. ಮೊದಲು ಕರೆಂಟಿಗೆ, (5.25/4.4)ರ ವರ್ಗದಿಂದ ಗುಣಿಸಿದರೆ 1495. ಆಮೇಲೆ ಬಿಸಿಗೆ, ಯಾಕೆಂದರೆ ನಾವು ಅಳೆದಿದ್ದು 30 ಡಿಗ್ರಿಯಲ್ಲಿ, ಲೆಕ್ಕ ಇಡುವುದು 75 ಡಿಗ್ರಿಗೆ. ಅಲ್ಯೂಮಿನಿಯಂಗೆ (225+75)/(225+30), ಅಂದರೆ 1.176. ಒಟ್ಟು ಸುಮಾರು 1760 ವ್ಯಾಟ್. ಬಿಸಿಯ ತಿದ್ದುಪಡಿ ಮರೆತರೆ ಕಾಪರ್ ಲಾಸ್ ಸುಮಾರು 15% ಕಡಿಮೆ ಕಾಣುತ್ತದೆ, ತುಂಬಾ ಜನ ಮಾಡುವ ತಪ್ಪು ಇದು.

## ಶಿಖರ ಎಲ್ಲಿದೆ, ಎಷ್ಟು ಎತ್ತರ

260 ಮತ್ತು 1760 ಇಟ್ಟರೆ `x = √(260/1760) = 0.384`. ಅಂದರೆ ಸುಮಾರು 38 ಕೆವಿಎ ಲೋಡ್‌ನಲ್ಲಿ ಶಿಖರ. ಪವರ್ ಫ್ಯಾಕ್ಟರ್ 1 ಅಂದುಕೊಂಡು ಬೇರೆ ಬೇರೆ ಲೋಡ್‌ನಲ್ಲಿ ನೋಡಿ:

| ಲೋಡ್ | ಒಟ್ಟು ನಷ್ಟ (ವ್ಯಾಟ್) | ದಕ್ಷತೆ |
|---|---|---|
| 10% | 278 | 97.30% |
| 25% | 370 | 98.54% |
| 38.4% | 520 | 98.67% |
| 50% | 700 | 98.62% |
| 75% | 1250 | 98.36% |
| 100% | 2020 | 98.02% |

ಶಿಖರ ಅಂದೆ, ನಿಜಕ್ಕೂ ಅದು ಗುಡ್ಡದ ತುದಿ ಅಲ್ಲ, ಬಯಲು. 25%ರಿಂದ 50%ರವರೆಗೆ ಓಡಾಡಿದರೂ ವ್ಯತ್ಯಾಸ ಸುಮಾರು 0.1% ಮಾತ್ರ. ಆದ್ದರಿಂದ "ಟಿಸಿಯನ್ನು ಸರಿಯಾಗಿ 38%ನಲ್ಲೇ ಓಡಿಸಬೇಕು" ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಕೆಳಗೆ ಹೋದಾಗ ಮಾತ್ರ ಅದು ಜೋರಾಗಿ ಜಾರುತ್ತದೆ. 10%ನಲ್ಲಿ 2.7% ಹೋಯಿತು, ಮತ್ತು ಆ 278 ವ್ಯಾಟ್‌ನಲ್ಲಿ 260 ಐರನ್ ಲಾಸೇ.

## ಒಂದು ದಿನದ ಲೆಕ್ಕ

ಮೇಲಿನ ಪಟ್ಟಿಯಲ್ಲಿರುವುದು ಒಂದು ಕ್ಷಣದ ದಕ್ಷತೆ. ಬೀದಿಯ ಟಿಸಿ 24 ಗಂಟೆಯೂ ಚಾರ್ಜ್ ಆಗಿರುತ್ತದೆ, ಲೋಡ್ ಮಾತ್ರ ಏರಿಳಿಯುತ್ತದೆ. ಹೀಗೆ ಒಂದು ದಿನ ಇಟ್ಟುಕೊಳ್ಳಿ: ರಾತ್ರಿ ಮತ್ತು ನಡು ಮಧ್ಯಾಹ್ನ ಸೇರಿ 10 ಗಂಟೆ 20% ಲೋಡ್, 9 ಗಂಟೆ 40%, ಬೆಳಿಗ್ಗೆ ಗೀಸರ್ ಹೊತ್ತು ಮತ್ತು ಸಂಜೆ ಸೇರಿ 5 ಗಂಟೆ 80%. ನಿಮ್ಮ ಊರಿನ ಅಂಕಿ ಬೇರೆ ಇರಬಹುದು, ಮೀಟರ್ ರೀಡಿಂಗ್ ಸಿಕ್ಕರೆ ಅದನ್ನೇ ಹಾಕಿ.

ಕಾಪರ್ ಲಾಸ್‌ಗೆ ಸರಾಸರಿ ಲೋಡ್ ಸಾಲುವುದಿಲ್ಲ, ಪ್ರತಿ ಗಂಟೆಯ ವರ್ಗ ಕೂಡಬೇಕು.

```
10×0.2² + 9×0.4² + 5×0.8² = 0.40 + 1.44 + 3.20 = 5.04
```

ಅಂದರೆ ಇಡೀ ದಿನದ ಕಾಪರ್ ಲಾಸ್, 5.04 ಗಂಟೆ ಮಾತ್ರ ಫುಲ್ ಲೋಡ್‌ನಲ್ಲಿ ಓಡಿದ್ದಕ್ಕೆ ಸಮ. ಐರನ್ ಲಾಸ್ ಮಾತ್ರ ಪೂರ್ತಿ 24 ಗಂಟೆ. ಇಡೀ ವಿಷಯ ಇರುವುದು ಇಲ್ಲೇ. ಐರನ್ ಲಾಸ್‌ನಲ್ಲಿ ಒಂದು ವ್ಯಾಟ್ ಜಾಸ್ತಿ ಆದರೆ ವರ್ಷಕ್ಕೆ 8.76 ಯೂನಿಟ್ ಹೋಗುತ್ತದೆ. ಕಾಪರ್ ಲಾಸ್‌ನಲ್ಲಿ, ಫುಲ್ ಲೋಡ್ ಲೆಕ್ಕದಲ್ಲಿ, ಒಂದು ವ್ಯಾಟ್ ಜಾಸ್ತಿ ಆದರೆ ಹೋಗುವುದು 1.84 ಯೂನಿಟ್. ಕಾಗದದ ಮೇಲೆ ಎರಡೂ ಒಂದೊಂದು ವ್ಯಾಟ್, ಬಿಲ್ಲಿನಲ್ಲಿ ಒಂದು ಇನ್ನೊಂದರ 4.8ರಷ್ಟು ದುಬಾರಿ.

ಇದನ್ನು ಪರೀಕ್ಷಿಸಲು ಇನ್ನೊಂದು ಟಿಸಿಯನ್ನು ಕಲ್ಪಿಸಿಕೊಳ್ಳೋಣ. ಇದಕ್ಕೂ ಫುಲ್ ಲೋಡ್ ನಷ್ಟ ಅದೇ 2020 ವ್ಯಾಟ್, ಆದರೆ ಅರ್ಧ ಅರ್ಧ ಹಂಚಿದ್ದು, ಐರನ್ 1010, ಕಾಪರ್ 1010. ಇದರ ಶಿಖರ ಸರಿಯಾಗಿ ಫುಲ್ ಲೋಡ್‌ನಲ್ಲಿ. ಫುಲ್ ಲೋಡ್ ದಕ್ಷತೆ ಎರಡಕ್ಕೂ ಒಂದೇ, 98.02%. ನೇಮ್‌ಪ್ಲೇಟ್ ನೋಡಿ ಕೊಂಡರೆ ಎರಡರಲ್ಲಿ ಯಾವುದಾದರೂ ಸರಿ ಅನ್ನಿಸುತ್ತದೆ, ಅಲ್ವಾ?

```
ನಮ್ಮ ಟಿಸಿ : 0.26×24 + 1.76×5.04 = 6.24 + 8.87 = 15.1 ಯೂನಿಟ್
ಎರಡನೇದು  : 1.01×24 + 1.01×5.04 = 24.24 + 5.09 = 29.3 ಯೂನಿಟ್
```

ದಿನಕ್ಕೆ 14 ಯೂನಿಟ್ ಚಿಲ್ಲರೆ, ವರ್ಷಕ್ಕೆ ಸುಮಾರು 5,200 ಯೂನಿಟ್ ವ್ಯತ್ಯಾಸ. ಒಂದೇ ಟಿಸಿಗೆ. ಆ ದಿನ ಹೊರಗೆ ಹೋಗಿದ್ದು 960 ಯೂನಿಟ್, ಹಾಗಾಗಿ ದಿನವಿಡೀ ದಕ್ಷತೆ ನಮ್ಮದಕ್ಕೆ 98.45%, ಎರಡನೇದಕ್ಕೆ 97.04%.

ಶಿಖರವನ್ನು ಯಾವ ಲೋಡ್‌ನಲ್ಲಿ ಇಡಬೇಕು ಅನ್ನುವುದಕ್ಕೂ ಸುಳಿವು ಈ 5.04ರಲ್ಲೇ ಇದೆ. ಅದನ್ನು 24ರಿಂದ ಭಾಗಿಸಿದರೆ 0.21, ಅದರ ವರ್ಗಮೂಲ 0.46. ಒಂದು ನಷ್ಟವನ್ನು ಶೇಕಡಾ ಇಷ್ಟು ಇಳಿಸಿದರೆ ಇನ್ನೊಂದು ಹೆಚ್ಚುಕಡಿಮೆ ಅಷ್ಟೇ ಶೇಕಡಾ ಏರುತ್ತದೆ ಅಂತ ಇಟ್ಟುಕೊಂಡರೆ, ದಿನದ ಐರನ್ ಯೂನಿಟ್ ಮತ್ತು ಕಾಪರ್ ಯೂನಿಟ್ ಸಮ ಆಗುವಲ್ಲಿ ಮೊತ್ತ ಕಡಿಮೆ. ಮತ್ತೆ ಅದೇ ಬೇಲಿ ಲೆಕ್ಕ. ಶಿಖರ 46% ಹತ್ತಿರ ಇರಬೇಕು ಅಂತಾಯಿತು. ಈ ದಿನದ ಸರಾಸರಿ ಲೋಡ್ 40%, ಅದನ್ನು ಇದರ ಜೊತೆ ಕಲಸಬೇಡಿ. ವರ್ಗ ಮಾಡಿ ಸರಾಸರಿ ತೆಗೆದಾಗ ಸಂಜೆಯ ಏರು ತನ್ನ ತೂಕ ತೋರಿಸುತ್ತದೆ.

## ತಯಾರಿಸುವವರು ಇದನ್ನು ಹೇಗೆ ಸಾಧಿಸುತ್ತಾರೆ

ಕೋರ್‌ನ ಅಡ್ಡಳತೆ ಚಿಕ್ಕದು ಮಾಡಿದರೆ ಉಕ್ಕು ಕಡಿಮೆ, ಐರನ್ ಲಾಸ್ ಕಡಿಮೆ. ಆದರೆ ಒಂದು ಸುತ್ತಿಗೆ ಸಿಗುವ ವೋಲ್ಟ್ ಕೂಡ ಕಡಿಮೆ ಆಗುತ್ತದೆ. ಅದೇ 11 ಸಾವಿರ ವೋಲ್ಟ್‌ಗೆ ಜಾಸ್ತಿ ಸುತ್ತು ಸುತ್ತಬೇಕು, ತಂತಿ ಉದ್ದ ಆಗುತ್ತದೆ, ಕಾಪರ್ ಲಾಸ್ ಏರುತ್ತದೆ. ಹೀಗೆ ಶಿಖರ ಎಡಕ್ಕೆ, ಅಂದರೆ ಕಡಿಮೆ ಲೋಡ್ ಕಡೆಗೆ ಸರಿಯುತ್ತದೆ. ಇನ್ನೊಂದು ದಾರಿ ಒಳ್ಳೆಯ ಉಕ್ಕು ಹಾಕುವುದು. ಅಮಾರ್ಫಸ್ ಕೋರ್ ಹಾಕಿದರೆ ಐರನ್ ಲಾಸ್ ಮಾಮೂಲಿ ಸಿಲಿಕಾನ್ ಉಕ್ಕಿನದರ ಮೂರನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ, ಆಗ ಶಿಖರ ಇನ್ನೂ ಎಡಕ್ಕೆ ಹೋಗುತ್ತದೆ. ಇಲ್ಲಿ ಕಾಪರ್ ಲಾಸ್ ಏರಿಸದೆಯೇ ಐರನ್ ಲಾಸ್ ಇಳಿದಿದೆ, ಆದ್ದರಿಂದ ಪೂರ್ತಿ ಲಾಭವೇ. ಶಿಖರ ಎಲ್ಲಿದೆ ಅಂತ ಮಾತ್ರ ನೋಡಿ ಟಿಸಿಯನ್ನು ಅಳೆಯಬಾರದು ಅನ್ನುವುದು ಇದಕ್ಕೇ.

ಹಾಗಂತ ಕಾಪರ್ ಲಾಸ್ ಬೇಕಾದಷ್ಟು ಬಿಡುವ ಹಾಗೂ ಇಲ್ಲ. 100 ಕೆವಿಎಗೆ 1760 ವ್ಯಾಟ್ ಅಂದರೆ 1.76%, ಪವರ್ ಫ್ಯಾಕ್ಟರ್ 1 ಇರುವ ಫುಲ್ ಲೋಡ್‌ನಲ್ಲಿ ವೋಲ್ಟೇಜ್ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಎರಡರಷ್ಟು ಮಾಡಿದರೆ ಲೈನಿನ ಕೊನೆಯ ಮನೆಯಲ್ಲಿ ಸಂಜೆ ಬಲ್ಬು ಮಂಕಾಗುತ್ತದೆ. ಅದಕ್ಕಿಂತ ಮುಖ್ಯ ಬಿಸಿ. ಫುಲ್ ಲೋಡ್‌ನಲ್ಲಿ ಎಣ್ಣೆ, ವೈಂಡಿಂಗ್ ಎರಡೂ ಮಿತಿಯೊಳಗೆ ಇರಲೇಬೇಕು, ಇಲ್ಲದಿದ್ದರೆ ಕಾಗದದ ಇನ್ಸುಲೇಶನ್ ಬೇಗ ಸುಟ್ಟು ಪುಡಿಯಾಗುತ್ತದೆ. ದಕ್ಷತೆಯ ಶಿಖರ 38%ನಲ್ಲಿ ಇದ್ದರೂ ರೇಟಿಂಗ್ 100 ಅಂತ ಬರೆಯುವುದು ಈ ಬಿಸಿಯ ಮಿತಿ ನೋಡಿಯೇ.

ವಿದ್ಯುತ್ ಉತ್ಪಾದನೆ ಮಾಡುವ ಸ್ಥಾವರದ ದೊಡ್ಡ ಟ್ರಾನ್ಸ್‌ಫಾರ್ಮರ್ ಕಥೆ ಬೇರೆ. ಜನರೇಟರ್ ಓಡಿದಾಗ ಅದೂ ಹೆಚ್ಚುಕಡಿಮೆ ತುಂಬಿದ ಲೋಡ್‌ನಲ್ಲೇ ಓಡುತ್ತದೆ. ಹಾಗಾಗಿ ಅದರ ಶಿಖರವನ್ನು ಬಲಕ್ಕೆ, ಫುಲ್ ಲೋಡ್ ಕಡೆಗೆ ಇಡುತ್ತಾರೆ.

## 63 ಹಾಕಬೇಕೋ, 100 ಹಾಕಬೇಕೋ

ಸಣ್ಣ ಬಡಾವಣೆ, ಅಪಾರ್ಟ್‌ಮೆಂಟ್‌ಗಳಲ್ಲಿ ಏಳುವ ಪ್ರಶ್ನೆ ಇದು. ಹಳೆಯ ಮಾನದಂಡದ 63 ಕೆವಿಎ ಟಿಸಿಗೆ ಐರನ್ 180, ಕಾಪರ್ 1235 ವ್ಯಾಟ್. ದಿನದ ಲೋಡ್ ವರ್ಗ ಮಾಡಿ ಸರಾಸರಿ ತೆಗೆದು, ವರ್ಗಮೂಲ ಹಾಕಿ, ಕೆವಿಎಯಲ್ಲಿ `L` ಅಂತ ಕರೆಯಿರಿ. ಎರಡರ ನಷ್ಟ ಸಮ ಆಗುವುದು:

```
180 + 1235·(L/63)² = 260 + 1760·(L/100)²
L ≈ 24.3 kVA
```

ಇದಕ್ಕಿಂತ ಕಡಿಮೆ ಇದ್ದರೆ 63 ಒಳ್ಳೆಯದು, ಜಾಸ್ತಿ ಇದ್ದರೆ 100. 30 ಕೆವಿಎ ಇದೆ ಅನ್ನಿ, 63ರಲ್ಲಿ ನಷ್ಟ 460 ವ್ಯಾಟ್, 100ರಲ್ಲಿ 418. ವರ್ಷಕ್ಕೆ ಸುಮಾರು 365 ಯೂನಿಟ್ ಉಳಿಯುತ್ತದೆ. ಅದನ್ನು ನಿಮ್ಮ ದರದಿಂದ ಗುಣಿಸಿ, ಎರಡು ಟಿಸಿಗಳ ಬೆಲೆಯ ವ್ಯತ್ಯಾಸದ ಪಕ್ಕ ಇಟ್ಟು ನೋಡಿ. ಮುಂದೆ ಮನೆಗಳು ಬರುವುದಿಲ್ಲ ಅಂತ ಗ್ಯಾರಂಟಿ ಇದ್ದರೆ ಬರೀ ದಕ್ಷತೆಗೋಸ್ಕರ ದೊಡ್ಡದು ಹಾಕುವುದು ಹೆಚ್ಚಾಗಿ ಗಿಟ್ಟುವುದಿಲ್ಲ ಅಂತ ನನ್ನ ಅನಿಸಿಕೆ.

## ಪಂಪ್‌ಸೆಟ್ ಟಿಸಿಗೆ ಇದೇ ಲೆಕ್ಕ ಹಾಕಬೇಡಿ

ಮೇಲಿನದ್ದೆಲ್ಲ ನಿಂತಿರುವುದು 24 ಗಂಟೆ ಅನ್ನುವ ಒಂದೇ ಸಂಖ್ಯೆಯ ಮೇಲೆ. ಕರ್ನಾಟಕದಲ್ಲಿ ನೀರಾವರಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸ್ ಕೊಡುವ ಪದ್ಧತಿ ಇದೆ. ಫೀಡರ್ ಬೇರೆ ಮಾಡಿ ಉಳಿದ ಹೊತ್ತು ಪೂರ್ತಿ ಆಫ್ ಇಡುವ ಕಡೆ ಐರನ್ ಲಾಸ್ ಕೂಡ ದಿನಕ್ಕೆ 7 ಗಂಟೆ ಮಾತ್ರ ಇರುತ್ತದೆ. ಕರೆಂಟು ಬಂದ ಕೂಡಲೇ ಸುತ್ತಲಿನ ಪಂಪ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರಲ್ಲ. ಲೋಡ್ 90% ಅಂತ ಇಟ್ಟುಕೊಂಡರೆ:

```
ಐರನ್ : 0.26×7 = 1.8 ಯೂನಿಟ್
ಕಾಪರ್: 1.76×0.81×7 = 10.0 ಯೂನಿಟ್
```

ಇಲ್ಲಿ ಒಂದು ವ್ಯಾಟ್ ಐರನ್ ಲಾಸ್‌ಗೂ ಒಂದು ವ್ಯಾಟ್ ಕಾಪರ್ ಲಾಸ್‌ಗೂ ಬೆಲೆ ಹೆಚ್ಚುಕಡಿಮೆ ಒಂದೇ, ಶಿಖರ ಇರಬೇಕಾದ ಜಾಗ 90% ಹತ್ತಿರ. ಆದರೆ ಕಂಬದ ಮೇಲೆ ಕೂರುವುದು ಬೀದಿಗೆ ಅಂತ ಮಾಡಿದ, 38%ನಲ್ಲಿ ಶಿಖರ ಇರುವ ಅದೇ ಟಿಸಿ. ಇಂಥ ಕಡೆ ಅಮಾರ್ಫಸ್ ಕೋರ್‌ಗೆ ದುಡ್ಡು ಸುರಿದರೆ ಉಳಿಸಬಹುದಾದದ್ದೇ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ಅದೇ ದುಡ್ಡಿಗೆ ವೈಂಡಿಂಗ್ ದಪ್ಪ ಮಾಡಿಸಿದರೆ, ಇಲ್ಲವೇ ಪಂಪ್‌ಗಳಿಗೆ ಕೆಪಾಸಿಟರ್ ಹಾಕಿಸಿ ಕರೆಂಟನ್ನು 10% ಇಳಿಸಿದರೆ, ಕಾಪರ್ ಲಾಸ್‌ನಿಂದಲೇ ದಿನಕ್ಕೆ ಸುಮಾರು 1.9 ಯೂನಿಟ್ ಉಳಿಯುತ್ತದೆ, ಟಿಸಿ ಸುಡುವುದೂ ಕಡಿಮೆಯಾಗುತ್ತದೆ.